ಶಂಕುವಿನ ಘನಫಲ: ಮೂರರಲ್ಲೊಂದು ಪಾಲು ಎಲ್ಲಿಂದ ಬಂತು

ಪಾದ ವೃತ್ತವಾಗಿದ್ದು, ಆ ವೃತ್ತದ ಕೇಂದ್ರದ ನೇರ ಮೇಲೆ ತುದಿ ಇರುವ ಘನಾಕೃತಿಗೆ ನೇರ ಶಂಕು ಎಂದು ಹೆಸರು. ಪಾದದ ತ್ರಿಜ್ಯ r, ಎತ್ತರ h ಆದರೆ ಅದರ ಘನಫಲ πr²h/3. ಅದೇ ಪಾದ ಮತ್ತು ಅದೇ ಎತ್ತರದ ಸಿಲಿಂಡರಿನ ಘನಫಲ πr²h. ಹೀಗಾಗಿ ಶಂಕು ತನ್ನನ್ನು ಒಳಗೊಳ್ಳುವ ಸಿಲಿಂಡರಿನ ಮೂರರಲ್ಲೊಂದು ಪಾಲು. ಪ್ರೌಢಶಾಲೆಯ ಪಠ್ಯಪುಸ್ತಕದಲ್ಲಿ ಈ ಸೂತ್ರ ಒಂದು ಪ್ರಯೋಗದ ಬೆನ್ನಿಗೆ ಬರುತ್ತದೆ. ಟೊಳ್ಳು ಶಂಕುವಿನಲ್ಲಿ ಮರಳು ತುಂಬಿ ಸಿಲಿಂಡರಿಗೆ ಸುರಿಯಬೇಕು; ಮೂರು ಸಲ ಸುರಿದಾಗ ಸಿಲಿಂಡರು ಭರ್ತಿಯಾಗುತ್ತದೆ. ಪ್ರಯೋಗ ಚೆನ್ನಾಗಿಯೇ ಇದೆ. ಆದರೆ ಅದು ತೋರಿಸುವುದು ಅನುಪಾತ ಮೂರರ ಹತ್ತಿರ ಇದೆ ಎಂಬುದನ್ನು ಮಾತ್ರ. ಅದು 2.97 ಅಲ್ಲ, 3.02 ಅಲ್ಲ, ಸರಿಯಾಗಿ 3 ಎಂದು ಮರಳು ಹೇಳಲಾರದು. ಏಕೆ 3 ಎಂಬುದನ್ನಂತೂ ಹೇಳುವುದೇ ಇಲ್ಲ. ಮುಂದೆ ಕಲನಶಾಸ್ತ್ರ ಕಲಿತವರು ಶಂಕುವನ್ನು ತೆಳು ಬಿಲ್ಲೆಗಳಾಗಿ ಕತ್ತರಿಸಿ ಕೂಡಿಸುವ ಅನುಕಲವನ್ನು ನೋಡುತ್ತಾರೆ. ಎರಡು ಸಾಲಿನಲ್ಲಿ ಅದೇ πr²h/3 ಬಂದು ನಿಲ್ಲುತ್ತದೆ. ಎರಡು ದಾರಿಗಳೂ ಒಂದೇ ಉತ್ತರ ಕೊಡುವುದು ಕಾಕತಾಳೀಯವಲ್ಲ. ಅದರ ಕಾರಣವನ್ನು ಒಂದು ನಿರ್ದಿಷ್ಟ ಶಂಕುವನ್ನು ಕತ್ತರಿಸುತ್ತಲೇ ನೋಡಬಹುದು.

ಬಿಲ್ಲೆಗಳಾಗಿ ಕತ್ತರಿಸುವುದು

ತ್ರಿಜ್ಯ 6 ಸೆಂ.ಮೀ., ಎತ್ತರ 12 ಸೆಂ.ಮೀ. ಇರುವ ಶಂಕುವನ್ನು ತೆಗೆದುಕೊಳ್ಳೋಣ. ಸೂತ್ರದ ಪ್ರಕಾರ ಅದರ ಘನಫಲ 144π, ಅಂದರೆ ಸುಮಾರು 452.4 ಘನ ಸೆಂ.ಮೀ. ಈ ಸೂತ್ರ ಸದ್ಯಕ್ಕೆ ನಮಗೆ ಗೊತ್ತಿಲ್ಲ ಎಂದುಕೊಳ್ಳೋಣ. ಗೊತ್ತಿರುವುದು ಎರಡೇ: ಸಿಲಿಂಡರಿನ ಘನಫಲ, ಮತ್ತು ಸಮರೂಪ ತ್ರಿಭುಜಗಳ ಗುಣ.

ಶಂಕುವನ್ನು ತುದಿಯಿಂದ ಪಾದದವರೆಗೆ ಲಂಬವಾಗಿ ಸೀಳಿದರೆ ಒಂದು ತ್ರಿಭುಜ ಕಾಣುತ್ತದೆ. ತುದಿಯಿಂದ x ದೂರ ಕೆಳಗಿಳಿದಾಗ ಅಡ್ಡಕೊಯ್ತದ ತ್ರಿಜ್ಯ ಎಷ್ಟೆಂದು ಈ ತ್ರಿಭುಜ ಹೇಳುತ್ತದೆ. 12 ಸೆಂ.ಮೀ. ಇಳಿದಾಗ ತ್ರಿಜ್ಯ 6 ಆಗುವುದಾದರೆ x ಇಳಿದಾಗ x/2. ಆದ್ದರಿಂದ ಆ ಮಟ್ಟದ ವೃತ್ತದ ವಿಸ್ತೀರ್ಣ πx²/4. ಇಲ್ಲಿ ಗಮನಿಸಬೇಕಾದ ವಿಷಯವಿದೆ. ತ್ರಿಜ್ಯ ದೂರದ ಜೊತೆ ಸಮಪ್ರಮಾಣದಲ್ಲಿ ಬೆಳೆಯುತ್ತದೆ, ವಿಸ್ತೀರ್ಣ ದೂರದ ವರ್ಗದ ಜೊತೆ ಬೆಳೆಯುತ್ತದೆ. ಮುಂದಿನ ಕಥೆಯೆಲ್ಲ ಈ ವರ್ಗದಲ್ಲೇ ಅಡಗಿದೆ.

ಈಗ ಪಾದಕ್ಕೆ ಸಮಾಂತರವಾಗಿ ಕೊಯ್ದು ತಲಾ 3 ಸೆಂ.ಮೀ. ದಪ್ಪದ ನಾಲ್ಕು ತುಂಡು ಮಾಡೋಣ. ಪ್ರತಿ ತುಂಡಿನ ಅಂಚೂ ಓರೆಯಾಗಿರುವುದರಿಂದ ಅದು ಸಿಲಿಂಡರಲ್ಲ. ಆದರೂ ಪ್ರತಿ ತುಂಡನ್ನು ಎರಡು ಸಿಲಿಂಡರ್ ಬಿಲ್ಲೆಗಳ ನಡುವೆ ಹಿಡಿದಿಡಬಹುದು. ತುಂಡಿನ ತಳದ ತ್ರಿಜ್ಯವನ್ನೇ ಪೂರ್ತಿ ದಪ್ಪಕ್ಕೆ ಹಿಡಿದರೆ ಬಿಲ್ಲೆ ತುಂಡಿಗಿಂತ ದೊಡ್ಡದು. ಮೇಲಿನ ತ್ರಿಜ್ಯವನ್ನು ಹಿಡಿದರೆ ಚಿಕ್ಕದು. ತಳದ ತ್ರಿಜ್ಯಗಳು 1.5, 3, 4.5 ಮತ್ತು 6. ಇವುಗಳ ವರ್ಗಗಳ ಮೊತ್ತ 67.5, ದಪ್ಪ 3ರಿಂದ ಗುಣಿಸಿದರೆ ದೊಡ್ಡ ಬಿಲ್ಲೆಗಳ ಒಟ್ಟು ಘನಫಲ 202.5π. ಮೇಲಿನ ತ್ರಿಜ್ಯಗಳು 0, 1.5, 3 ಮತ್ತು 4.5, ಅದೇ ರೀತಿ ಲೆಕ್ಕ ಹಾಕಿದರೆ ಚಿಕ್ಕ ಬಿಲ್ಲೆಗಳ ಒಟ್ಟು 94.5π. ಶಂಕು ಇವೆರಡರ ನಡುವೆ ಎಲ್ಲೋ ಇದೆ. ಅಂತರ ದೊಡ್ಡದು, ಆದರೆ ಹೇಳಿದ ಮಾತು ಖಚಿತ.

ಬಿಲ್ಲೆಯ ದಪ್ಪವನ್ನು 1 ಸೆಂ.ಮೀ.ಗೆ ಇಳಿಸಿದರೆ ಹನ್ನೆರಡು ಬಿಲ್ಲೆಗಳಾಗುತ್ತವೆ. ಆಗ ಶಂಕು 126.5π ಮತ್ತು 162.5π ನಡುವೆ ಸಿಕ್ಕಿಬೀಳುತ್ತದೆ. ದಪ್ಪ ಒಂದು ಮಿಲಿಮೀಟರ್ ಆದರೆ 120 ಬಿಲ್ಲೆಗಳು. ಶಂಕು ಸುಮಾರು 142.2π ಮತ್ತು 145.8π ನಡುವೆ. 144π ನಿಧಾನವಾಗಿ ಕಣ್ಣಿಗೆ ಬೀಳತೊಡಗುತ್ತದೆ.

ಈ ಎರಡು ಮೊತ್ತಗಳ ಅಂತರವನ್ನು ನೋಡುವುದು ಮೊತ್ತಗಳನ್ನು ನೋಡುವುದಕ್ಕಿಂತ ಹೆಚ್ಚು ಲಾಭದ ಕೆಲಸ. ನಾಲ್ಕು ಬಿಲ್ಲೆಗಳಿದ್ದಾಗ ಅಂತರ 108π, ಹನ್ನೆರಡಿದ್ದಾಗ 36π, 120 ಇದ್ದಾಗ 3.6π. ಪ್ರತಿ ಸಲವೂ ಅದು ಅತ್ಯಂತ ಕೆಳಗಿನ ದೊಡ್ಡ ಬಿಲ್ಲೆಯೊಂದರ ಘನಫಲಕ್ಕೆ ಸಮ. ಕಾರಣ ಸರಳವಾಗಿದೆ. ಒಂದು ತುಂಡಿನ ಮೇಲ್ಮುಖವೇ ಅದರ ಮೇಲಿನ ತುಂಡಿನ ತಳ. ಹಾಗಾಗಿ ಚಿಕ್ಕ ಬಿಲ್ಲೆಗಳ ಸಾಲು ಎಂದರೆ ದೊಡ್ಡ ಬಿಲ್ಲೆಗಳ ಸಾಲನ್ನೇ ಒಂದು ಮೆಟ್ಟಿಲು ಕೆಳಗೆ ಸರಿಸಿ, ಕೊನೆಯದನ್ನು ಹೊರಗೆ ಬಿಟ್ಟದ್ದು. ಆ ಒಂದೇ ಒಂದು ಬಿಲ್ಲೆಯನ್ನು ಬೇಕಾದಷ್ಟು ತೆಳ್ಳಗೆ ಮಾಡಬಹುದು. ಆದ್ದರಿಂದ ಎರಡು ಮೊತ್ತಗಳ ನಡುವೆ ಕೊನೆಗೆ ಒಂದಕ್ಕಿಂತ ಹೆಚ್ಚು ಸಂಖ್ಯೆಗೆ ಜಾಗ ಉಳಿಯುವುದಿಲ್ಲ.

ಈ ಕೊನೆಯ ಮಾತು ಒಂದು ಹಳೆಯ ತೊಡಕನ್ನು ಬಿಡಿಸುತ್ತದೆ. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಚಿಂತಕ ಡೆಮಾಕ್ರಿಟಸ್ ಎತ್ತಿದ ಪ್ರಶ್ನೆಯೊಂದನ್ನು ಪ್ಲುಟಾರ್ಕ್ ದಾಖಲಿಸಿದ್ದಾನೆ. ಶಂಕುವನ್ನು ಪಾದಕ್ಕೆ ಸಮಾಂತರವಾಗಿ ಕೊಯ್ದರೆ, ಕೊಯ್ತದ ಎರಡು ಬದಿಯ ಮುಖಗಳು ಸಮವೋ ಅಸಮವೋ? ಅಸಮ ಎಂದರೆ ಶಂಕುವಿನ ಮೈ ಮೆಟ್ಟಿಲು ಮೆಟ್ಟಿಲಾಗಿರಬೇಕು. ಸಮ ಎಂದರೆ ಎಲ್ಲ ಮುಖಗಳೂ ಸಮವಾಗಿ ಶಂಕು ಸಿಲಿಂಡರೇ ಆಗಿಬಿಡಬೇಕು. ಶಂಕು ನಿಜವಾಗಿಯೂ ಬಿಲ್ಲೆಗಳಿಂದ ಆದದ್ದು ಎಂದು ನಂಬಿದರೆ ಮಾತ್ರ ಈ ಇಕ್ಕಟ್ಟು. ಮೇಲಿನ ಲೆಕ್ಕದಲ್ಲಿ ನಾವು ಹಾಗೆಂದು ಎಲ್ಲಿಯೂ ಹೇಳಲಿಲ್ಲ. ಮೆಟ್ಟಿಲುಗಳು ಇರುವುದು ಶಂಕುವಿನಲ್ಲಲ್ಲ, ಶಂಕುವನ್ನು ಒಳಗಿನಿಂದಲೂ ಹೊರಗಿನಿಂದಲೂ ಅದುಮಿ ಹಿಡಿಯುವ ಎರಡು ಬೇರೆ ಆಕೃತಿಗಳಲ್ಲಿ.

ವರ್ಗಗಳ ಮೊತ್ತ

144 ಕಣ್ಣಿಗೆ ಬೀಳುವುದು ಬೇರೆ, ಅದೇ ಎಂದು ಸಾಧಿಸುವುದು ಬೇರೆ. ಎತ್ತರ hಅನ್ನು n ಸಮಭಾಗ ಮಾಡಿದರೆ ಮೇಲಿನಿಂದ kನೆಯ ಬಿಲ್ಲೆಯ ತ್ರಿಜ್ಯ rk/n, ದಪ್ಪ h/n. ಎಲ್ಲ ದೊಡ್ಡ ಬಿಲ್ಲೆಗಳನ್ನು ಕೂಡಿಸಿದಾಗ ಸಾಮಾನ್ಯ ಅಪವರ್ತನಗಳು ಹೊರಗೆ ಬಂದು ಇಷ್ಟು ಉಳಿಯುತ್ತದೆ:

πr²h × (1² + 2² + 3² + … + n²) / n³

ಶಂಕುವಿನ ತ್ರಿಜ್ಯ, ಎತ್ತರ, π ಎಲ್ಲ ಒಂದು ಬದಿಗೆ ಸರಿದವು. ಉಳಿದದ್ದು ಅಪ್ಪಟ ಅಂಕಗಣಿತದ ಪ್ರಶ್ನೆ: ಮೊದಲ n ವರ್ಗಗಳ ಮೊತ್ತವು n³ರ ಎಷ್ಟನೇ ಪಾಲು? ಮೊತ್ತದ ಸೂತ್ರ n(n+1)(2n+1)/6 ಎಂಬುದು ಹೈಸ್ಕೂಲು ದಾಟಿದವರಿಗೆ ಪರಿಚಿತ. ಅದನ್ನು n³ರಿಂದ ಭಾಗಿಸಿದರೆ (1 + 1/n)(2 + 1/n)/6 ಸಿಗುತ್ತದೆ. n ಬೆಳೆದಂತೆ 1/n ಸೊನ್ನೆಯತ್ತ ಸರಿದು, ಉಳಿಯುವುದು 2/6, ಅಂದರೆ ಮೂರರಲ್ಲೊಂದು.

ಈ ಸೂತ್ರಕ್ಕೆ ಭಾರತದಲ್ಲಿ ಒಂದು ವಿಚಿತ್ರ ಹಿನ್ನೆಲೆ ಇದೆ. ಕ್ರಿ.ಶ. 499ರ ಸುಮಾರಿಗೆ ರಚಿತವಾದ ಆರ್ಯಭಟೀಯದ ಗಣಿತಪಾದದಲ್ಲಿ ವರ್ಗಗಳ ಮೊತ್ತದ ಸೂತ್ರ ಸರಿಯಾಗಿಯೇ ಇದೆ. ಅದೇ ಗಣಿತಪಾದದಲ್ಲಿ, ಆರು ಅಂಚುಗಳ ಪಿರಮಿಡ್ಡಿನ ಘನಫಲ ಪಾದದ ವಿಸ್ತೀರ್ಣ ಮತ್ತು ಎತ್ತರದ ಗುಣಲಬ್ಧದ ಅರ್ಧ ಎಂದೂ ಇದೆ. ಶ್ಲೋಕವನ್ನು ಸಾಮಾನ್ಯವಾಗಿ ಓದುವಂತೆ ಓದಿದರೆ ಇದು ತಪ್ಪು, ಬೇಕಾದದ್ದು ಮೂರರಲ್ಲೊಂದು. ತ್ರಿಭುಜದ ವಿಸ್ತೀರ್ಣದಲ್ಲಿ ಬರುವ ಅರ್ಧವನ್ನು ಘನಾಕೃತಿಗೂ ವಿಸ್ತರಿಸಿದಂತೆ ತೋರುತ್ತದೆ. ಪಿರಮಿಡ್ಡನ್ನು ಬಿಲ್ಲೆಗಳಾಗಿ ಕತ್ತರಿಸಿ, ಕೆಲವೇ ಶ್ಲೋಕಗಳ ಮುಂದೆ ಇರುವ ತನ್ನದೇ ಸೂತ್ರವನ್ನು ಆರ್ಯಭಟ ಅದಕ್ಕೆ ಹಚ್ಚಿದ್ದರೆ ಸರಿಯುತ್ತರ ಸಿಗುತ್ತಿತ್ತು. ಎರಡನ್ನೂ ಬಲ್ಲವನಿಗೂ ಅವುಗಳ ನಡುವಿನ ಸಂಬಂಧ ತಾನಾಗಿ ಹೊಳೆಯಬೇಕೆಂದಿಲ್ಲ. 628ರಲ್ಲಿ ಬ್ರಹ್ಮಗುಪ್ತ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಇದನ್ನು ಸರಿಪಡಿಸಿದಂತಾಯಿತು: ಸೂಜಿಯಂತೆ ಚೂಪಾಗುವ ಗುಂಡಿಯ ಘನಫಲ, ಅದೇ ಬಾಯಿ ಮತ್ತು ಅದೇ ಆಳದ ನೇರ ಗುಂಡಿಯ ಮೂರರಲ್ಲೊಂದು ಎಂದು ಅವನು ಹೇಳಿದ್ದಾನೆ.

ವರ್ಗಗಳ ಮೊತ್ತದ ಸೂತ್ರ ಏಕೆ ನಿಜ ಎಂಬುದನ್ನು ಇಟ್ಟಿಗೆ ಜೋಡಿಸುವ ರೀತಿಯಲ್ಲಿ ತೋರಿಸಿದವನು ಕೇರಳದ ನೀಲಕಂಠ ಸೋಮಯಾಜಿ. ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ ಅವನು 1²ರಿಂದ n²ವರೆಗಿನ ವರ್ಗಗಳ ಆರು ರಾಶಿಗಳನ್ನು ಒಂದಕ್ಕೊಂದು ಹೊಂದಿಸಿ, n, n+1, 2n+1 ಉದ್ದಗಳ ಒಂದು ಆಯತಘನ ಕಟ್ಟಬಹುದೆಂದು ವಿವರಿಸಿದ್ದಾನೆ. ನಮ್ಮ ಹನ್ನೆರಡು ಬಿಲ್ಲೆಗಳ ಲೆಕ್ಕಕ್ಕೆ ಅದನ್ನು ಹಚ್ಚಿದರೆ 12 × 13 × 25 = 3900; ಅದರ ಆರರಲ್ಲೊಂದು 650; 4ರಿಂದ ಭಾಗಿಸಿದರೆ ಮೇಲೆ ಬಂದ 162.5. ಸುಮಾರು 1530ರ ಹೊತ್ತಿಗೆ ಜ್ಯೇಷ್ಠದೇವ ಮಲಯಾಳದಲ್ಲಿ ಬರೆದ ಯುಕ್ತಿಭಾಷಾದಲ್ಲಿ ಈ ಮೊತ್ತ n ಬಹಳ ದೊಡ್ಡದಾದಾಗ ಘನದ ಮೂರರಲ್ಲೊಂದನ್ನು ಸಮೀಪಿಸುತ್ತದೆ ಎಂಬ ಮಾತೂ, ಗೋಳವನ್ನು ಬಿಲ್ಲೆಗಳಾಗಿ ಕೊಯ್ದು ಘನಫಲ ಪಡೆಯುವ ಕ್ರಮವೂ ಇವೆ. ಯುರೋಪಿನಲ್ಲಿ ನ್ಯೂಟನ್ ಹುಟ್ಟುವುದಕ್ಕೆ ಶತಮಾನಕ್ಕೂ ಮೊದಲಿನ ಮಾತಿದು.

ಅನುಕಲ ಮಾಡುವ ಕೆಲಸ

ಅನುಕಲದ ಬರಹದಲ್ಲಿ ಮೇಲಿನ ಶ್ರಮವೆಲ್ಲ ಒಂದು ಸಾಲು:

V = ∫₀ʰ π(rx/h)² dx = (πr²/h²) × (h³/3) = πr²h/3

ನಮ್ಮ ಶಂಕುವಿಗೆ π/4ನ್ನು 12³/3ರಿಂದ, ಅಂದರೆ 576ರಿಂದ, ಗುಣಿಸಬೇಕು, ಉತ್ತರ 144π. ಇಷ್ಟು ಸುಲಭವಾಗಿ ಬಂದದ್ದರಿಂದಲೇ ವಿದ್ಯಾರ್ಥಿಗೆ ಅನುಮಾನ ಬರಬೇಕು. ಬಿಲ್ಲೆಗಳೆಲ್ಲ ಎಲ್ಲಿ ಹೋದವು? x²ರ ಅನುಕಲ x³/3 ಎಂಬ ನಿಯಮದಲ್ಲಿ 3 ಎಲ್ಲಿಂದ ಬಂತು?

ಮೊದಲ ಪ್ರಶ್ನೆಗೆ ಉತ್ತರ ಹೀಗೆ. ತುದಿಯಿಂದ x ದೂರದವರೆಗಿನ ಶಂಕುವಿನ ಘನಫಲವನ್ನು V(x) ಎನ್ನೋಣ. xಅನ್ನು ಸ್ವಲ್ಪವೇ, Δxನಷ್ಟು, ಹೆಚ್ಚಿಸಿದರೆ ಸೇರಿಕೊಳ್ಳುವುದು ಒಂದೇ ತುಂಡು. ಅದು A(x)Δx ಮತ್ತು A(x+Δx)Δx ನಡುವೆ ಇರುತ್ತದೆ. ಇಲ್ಲಿ A ಎಂದರೆ ಅಡ್ಡಕೊಯ್ತದ ವಿಸ್ತೀರ್ಣ. Δxನಿಂದ ಭಾಗಿಸಿ ಅದನ್ನು ಕುಗ್ಗಿಸುತ್ತ ಹೋದರೆ ಎರಡು ಕಡೆಯೂ A(x)ಗೆ ಬಂದು ಸೇರುತ್ತವೆ. ಅಂದರೆ ಘನಫಲ ಬೆಳೆಯುವ ದರವೇ ಅಡ್ಡಕೊಯ್ತದ ವಿಸ್ತೀರ್ಣ. ಬಿಲ್ಲೆಗಳನ್ನು ಒಂದೊಂದಾಗಿ ಕೂಡಿಸುವ ಬದಲು, ಈ ದರದಲ್ಲಿ ಬೆಳೆಯುವ ಉತ್ಪನ್ನ ಯಾವುದು ಎಂದು ಹುಡುಕಿದರೆ ಸಾಕು. ಕಲನಶಾಸ್ತ್ರದ ಮೂಲಭೂತ ಪ್ರಮೇಯದ ಸಾರ ಇದೇ.

ಎರಡನೆಯ ಪ್ರಶ್ನೆಗೆ ಶಂಕುವನ್ನು ಬಿಟ್ಟು ಘನದ ಬಳಿ ಹೋಗಬೇಕು. x ಬದಿಯ ಘನವೊಂದನ್ನು ಕೋಣೆಯ ಮೂಲೆಗೆ ಒತ್ತಿ ಇಟ್ಟಿದ್ದೇವೆ ಎನ್ನೋಣ. ಅದರ ಮೂರು ಮುಖಗಳು ನೆಲಕ್ಕೂ ಎರಡು ಗೋಡೆಗಳಿಗೂ ತಾಗಿವೆ. ಉಳಿದ ಮೂರು ಮುಖಗಳು ಬಯಲಿಗಿವೆ. ಬದಿಯನ್ನು Δxನಷ್ಟು ಬೆಳೆಸಿದರೆ ಈ ಮೂರು ಬಯಲು ಮುಖಗಳ ಮೇಲೆ x² ವಿಸ್ತೀರ್ಣದ ಮೂರು ತೆಳು ಹಾಳೆಗಳು ಕೂಡುತ್ತವೆ. ಅಂಚುಗಳಲ್ಲಿ ಮೂರು ಕಡ್ಡಿಗಳೂ ಮೂಲೆಯಲ್ಲಿ ಒಂದು ಚೂರೂ ಸೇರುತ್ತವೆ, ಆದರೆ Δx ಚಿಕ್ಕದಾದಂತೆ ಹಾಳೆಗಳ ಮುಂದೆ ಅವು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ x³ ಬೆಳೆಯುವ ದರ 3x². ದರ x² ಮಾತ್ರ ಬೇಕಾದರೆ x³ನ ಮೂರರಲ್ಲೊಂದು ತೆಗೆದುಕೊಳ್ಳಬೇಕು. x³/3ರಲ್ಲಿರುವ 3, ಘನದ ಒಂದು ಮೂಲೆಯಲ್ಲಿ ಕೂಡುವ ಮುಖಗಳ ಸಂಖ್ಯೆ.

ಈಗ ಆ ಘನ ಸೊನ್ನೆಯಿಂದ x ಬದಿಯವರೆಗೆ ಬೆಳೆದು ಬಂದದ್ದನ್ನು ನೆನೆಸಿಕೊಂಡು, ಮೂರು ಮುಖಗಳ ಹಾಳೆಗಳನ್ನು ಬೇರೆ ಬೇರೆ ಗುಂಪು ಮಾಡಿದರೆ ಏನಾಗುತ್ತದೆ? ಒಂದೊಂದು ಗುಂಪೂ ಒಂದು ಚೌಕ ಪಾದದ ಪಿರಮಿಡ್. ಮೂರರ ತುದಿಯೂ ಕೋಣೆಯ ಮೂಲೆಯಲ್ಲಿದೆ, ಪಾದಗಳು ಘನದ ಮೂರು ಬಯಲು ಮುಖಗಳು. ಮೂರೂ ಒಂದೇ ಅಳತೆಯವು, ಮೂರೂ ಸೇರಿ ಘನವನ್ನು ಸಂದಿಲ್ಲದೆ ತುಂಬುತ್ತವೆ. ಹಾಗಾಗಿ ಒಂದು ಪಿರಮಿಡ್ಡಿನ ಘನಫಲ x³/3. ಇದಕ್ಕೆ ಮಿತಿಯೂ ಬೇಡ, ಮೊತ್ತವೂ ಬೇಡ. ದಪ್ಪ ಕಾಗದದಲ್ಲಿ ಮೂರು ಪಿರಮಿಡ್ ಮಾಡಿ ಕೈಯಲ್ಲೇ ಜೋಡಿಸಿ ನೋಡಬಹುದು. ತರಗತಿಯಲ್ಲಿ ಮರಳಿನ ಪ್ರಯೋಗಕ್ಕಿಂತ ಇದು ಮೇಲೆಂಬುದು ಈ ಲೇಖಕನ ಅಭಿಪ್ರಾಯ: ಮರಳು ಅಳತೆ ಕೊಡುತ್ತದೆ, ಇದು ಕಾರಣ ಕೊಡುತ್ತದೆ.

ಈ ಪಿರಮಿಡ್ಡಿನಿಂದ ಶಂಕುವಿಗೆ ದಾಟಲು ಬಿಲ್ಲೆಗಳೇ ಸೇತುವೆ. ಪಿರಮಿಡ್ಡಿನಲ್ಲಿಯೂ ತುದಿಯಿಂದ ದೂರ ಹೋದಂತೆ ಅಡ್ಡಕೊಯ್ತದ ವಿಸ್ತೀರ್ಣ ದೂರದ ವರ್ಗದಂತೆ ಬೆಳೆಯುತ್ತದೆ. ಒಂದೇ ಎತ್ತರದ ಶಂಕು ಮತ್ತು ಪಿರಮಿಡ್ಡನ್ನು ಅಕ್ಕಪಕ್ಕ ಇಟ್ಟರೆ ಪ್ರತಿ ಮಟ್ಟದಲ್ಲೂ ಎರಡು ಕೊಯ್ತಗಳ ವಿಸ್ತೀರ್ಣಗಳ ಅನುಪಾತ ಬದಲಾಗುವುದಿಲ್ಲ. ಅದು ಪಾದಗಳ ಅನುಪಾತವೇ. ಪ್ರತಿ ಬಿಲ್ಲೆಯೂ ಅದೇ ಅನುಪಾತದಲ್ಲಿದ್ದರೆ ಇಡೀ ಘನಫಲವೂ ಅದೇ ಅನುಪಾತದಲ್ಲಿರಬೇಕು. ಎತ್ತರವನ್ನು ಹಿಗ್ಗಿಸಿದರೆ ಎಲ್ಲ ಬಿಲ್ಲೆಗಳ ದಪ್ಪವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಹೀಗೆ ಪಾದದ ಆಕಾರ ಚೌಕವಿರಲಿ, ವೃತ್ತವಿರಲಿ, ಎಲೆಯ ಆಕಾರವಿರಲಿ, ಪಾದದ ವಿಸ್ತೀರ್ಣ × ಎತ್ತರ ÷ 3 ಎಂಬುದು ನಿಲ್ಲುತ್ತದೆ. ತುದಿ ಪಾದದ ಕೇಂದ್ರದ ಮೇಲಿರಬೇಕೆಂಬ ನಿಯಮವೂ ಇಲ್ಲ. ತುದಿ ಪಕ್ಕಕ್ಕೆ ವಾಲಿದರೆ ಬಿಲ್ಲೆಗಳು ಜರುಗುತ್ತವೆ, ಚಿಕ್ಕದಾಗುವುದಿಲ್ಲ. π ಶಂಕುವಿನ ಸೂತ್ರಕ್ಕೆ ಬಂದದ್ದು ಪಾದದ ವೃತ್ತದಿಂದ ಮಾತ್ರ. ಮೂರರಲ್ಲೊಂದು ಬಂದದ್ದು ಚೂಪಾಗುವ ರೀತಿಯಿಂದ. ಶಾಲೆಯ ಸೂತ್ರ ಮತ್ತು ಅನುಕಲ ಎರಡೂ ನಿಂತಿರುವುದು ಇದೇ ವರ್ಗದ ನಿಯಮದ ಮೇಲೆ. ಆದ್ದರಿಂದ ಅವು ಬೇರೆ ಬೇರೆ ಉತ್ತರ ಕೊಡುವ ದಾರಿಯೇ ಇಲ್ಲ.

ಮಿತಿಯಿಲ್ಲದೆ ಆಗುತ್ತದೆಯೇ?

ಮೂರು ಪಿರಮಿಡ್ಡುಗಳ ಜೋಡಣೆ ನೋಡಿದ ಮೇಲೆ, ಎಲ್ಲ ಪಿರಮಿಡ್ಡುಗಳನ್ನೂ ಹೀಗೆಯೇ ಕತ್ತರಿಸಿ ಜೋಡಿಸಿ ಮುಗಿಸಬಹುದಲ್ಲ ಎನಿಸುವುದು ಸಹಜ. ಕತ್ತರಿಸಿ ಜೋಡಿಸುವುದರಿಂದಲೇ ತ್ರಿಭುಜದ ವಿಸ್ತೀರ್ಣ ಸಿಗುತ್ತದೆ. ಘನಫಲಕ್ಕೂ ಹಾಗೇ ಏಕಾಗಬಾರದು? 1900ರಲ್ಲಿ ಪ್ಯಾರಿಸ್ಸಿನಲ್ಲಿ ಡೇವಿಡ್ ಹಿಲ್ಬರ್ಟ್ ಮಂಡಿಸಿದ ಪ್ರಖ್ಯಾತ ಪ್ರಶ್ನೆಗಳಲ್ಲಿ ಮೂರನೆಯದು ಇದನ್ನೇ ಕುರಿತದ್ದು. ಅವನ ಶಿಷ್ಯ ಮ್ಯಾಕ್ಸ್ ಡೆನ್ ಬೇಗನೆ ಉತ್ತರ ಕೊಟ್ಟ: ಆಗುವುದಿಲ್ಲ. ಸಮ ಚತುರ್ಮುಖಿಯನ್ನು ಎಷ್ಟೇ ತುಂಡು ಮಾಡಿದರೂ, ತುಂಡುಗಳ ಸಂಖ್ಯೆ ಪರಿಮಿತವಾಗಿರುವವರೆಗೆ, ಅದೇ ಘನಫಲದ ಘನವಾಗಿ ಮರುಜೋಡಿಸಲು ಬರುವುದಿಲ್ಲ. ಆದ್ದರಿಂದ ಪಿರಮಿಡ್ಡಿನ ಸೂತ್ರವನ್ನು ಸಾಮಾನ್ಯವಾಗಿ ಸಾಧಿಸಬೇಕಾದರೆ ಎಲ್ಲೋ ಒಂದು ಕಡೆ ಮುಗಿಯದ ಪ್ರಕ್ರಿಯೆ ಒಳಬರಲೇಬೇಕು. ಪ್ರೌಢಶಾಲೆಯ ಪುಸ್ತಕ ಅದನ್ನು ಮರಳಿನಡಿ ಮುಚ್ಚಿಟ್ಟಿರುತ್ತದೆ, ಅಷ್ಟೇ.

ಗ್ರೀಕರು ಇದನ್ನು ಮುಚ್ಚಿಡಲಿಲ್ಲ. ಆರ್ಕಿಮಿಡೀಸ್ ಹೇಳುವ ಪ್ರಕಾರ ಶಂಕು ಸಿಲಿಂಡರಿನ ಮೂರರಲ್ಲೊಂದು ಎಂದು ಮೊದಲು ಹೇಳಿದವನು ಡೆಮಾಕ್ರಿಟಸ್, ಸಾಧಿಸಿದವನು ಯೂಡಾಕ್ಸಸ್. ಆರ್ಕಿಮಿಡೀಸ್ ಈ ಮಾತನ್ನು ದಾಖಲಿಸಿದ ಕೃತಿಗಳಲ್ಲೊಂದು ಶತಮಾನಗಳ ಕಾಲ ಕಳೆದುಹೋಗಿತ್ತು. ಅದರ ಮೇಲೆ ಪ್ರಾರ್ಥನೆಗಳನ್ನು ಬರೆದಿದ್ದ ಚರ್ಮದ ಹಾಳೆಗಳಲ್ಲಿ ಅದನ್ನು ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ 1906ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಗುರುತಿಸಿದ. ಸಾಧನೆ ಯೂಕ್ಲಿಡನ ಹನ್ನೆರಡನೆಯ ಪುಸ್ತಕದಲ್ಲಿದೆ. ಅಲ್ಲಿ ತ್ರಿಕೋನ ಪಾದದ ಪಿರಮಿಡ್ಡನ್ನು ಅಂಚುಗಳ ನಡುಬಿಂದುಗಳಲ್ಲಿ ಕತ್ತರಿಸಿ ಎರಡು ಪಟ್ಟಕ ಮತ್ತು ಮೂಲದ್ದೇ ಆಕಾರದ ಎರಡು ಮರಿ ಪಿರಮಿಡ್ ಮಾಡಲಾಗುತ್ತದೆ. ಪಾದ × ಎತ್ತರವನ್ನು 1 ಎಂದುಕೊಂಡರೆ ಪಟ್ಟಕಗಳೆರಡರ ಒಟ್ಟು 1/4. ಮರಿಗಳನ್ನೂ ಹೀಗೆಯೇ ಕತ್ತರಿಸಿದರೆ ಹೊಸ ಪಟ್ಟಕಗಳ ಒಟ್ಟು 1/16, ಆಮೇಲೆ 1/64. ಕೂಡಿಸುತ್ತ ಹೋದರೆ ಈ ಶ್ರೇಣಿ 1/3ಕ್ಕೆ ತಲುಪುತ್ತದೆ. ಯೂಕ್ಲಿಡ್ ಸ್ವತಃ ಶ್ರೇಣಿಯನ್ನು ಕೂಡಿಸುವುದಿಲ್ಲ. ಒಂದೇ ಎತ್ತರದ ಪಿರಮಿಡ್ಡುಗಳು ಪಾದಗಳ ಅನುಪಾತದಲ್ಲಿರುತ್ತವೆ ಎಂದು ತೋರಿಸಲು ಮಾತ್ರ ಈ ಕತ್ತರಿಕೆ ಬಳಸುತ್ತಾನೆ. ಶಂಕುವಿಗೆ ಬಂದಾಗ, ಅದು ಸಿಲಿಂಡರಿನ ಮೂರರಲ್ಲೊಂದಕ್ಕಿಂತ ಹೆಚ್ಚೂ ಇರಲಾರದು, ಕಡಿಮೆಯೂ ಇರಲಾರದು ಎಂದು ಎರಡು ಕಡೆಯಿಂದ ಬಾಗಿಲು ಮುಚ್ಚುತ್ತಾನೆ. ನಮ್ಮ ದೊಡ್ಡ ಮತ್ತು ಚಿಕ್ಕ ಬಿಲ್ಲೆಗಳು ಮಾಡಿದ್ದೂ ಇದನ್ನೇ. 1635ರಲ್ಲಿ ಇಟಲಿಯ ಕವಲಿಯೇರಿ, ಸಮ ಮಟ್ಟದ ಕೊಯ್ತಗಳ ಅನುಪಾತ ಒಂದೇ ಇದ್ದರೆ ಘನಫಲಗಳ ಅನುಪಾತವೂ ಅದೇ ಎಂಬುದನ್ನು ಒಂದು ಸಾಮಾನ್ಯ ತತ್ವವಾಗಿ ಮುಂದಿಟ್ಟ.

ರಾಶಿಯ ಲೆಕ್ಕ

ಎರಡನೆಯ ಭಾಸ್ಕರನ ಲೀಲಾವತಿಯಲ್ಲಿ (1150) ನೆಲದ ಮೇಲೆ ಸುರಿದ ಧಾನ್ಯದ ರಾಶಿಯನ್ನು ಅಳೆಯುವ ಕ್ರಮವಿದೆ. ಅದು ಶಂಕುವಿನ ಸೂತ್ರದ ಅತ್ಯಂತ ಜಾಣ ಬಳಕೆಗಳಲ್ಲೊಂದು. ರಾಶಿಯ ತ್ರಿಜ್ಯ ಅಳೆಯಲು ಬರುವುದಿಲ್ಲ, ಕೇಂದ್ರ ಧಾನ್ಯದಡಿ ಹೂತಿದೆ; ಹಗ್ಗ ಸುತ್ತಿ ಪರಿಧಿ ಅಳೆಯಬಹುದು. ಪರಿಧಿಯ ಆರರಲ್ಲೊಂದನ್ನು ವರ್ಗ ಮಾಡಿ ಎತ್ತರದಿಂದ ಗುಣಿಸಿದರೆ ಘನಫಲ. πಯನ್ನು 3 ಎಂದು ಹಿಡಿದರೆ ಪರಿಧಿಯ ಆರರಲ್ಲೊಂದೇ ತ್ರಿಜ್ಯ. πr²h/3ರಲ್ಲಿ π ಮತ್ತು 3 ಒಂದನ್ನೊಂದು ಹೊಡೆದುಹಾಕಿ r²h ಉಳಿಯುತ್ತದೆ. ಎತ್ತರವನ್ನೂ ಅಳೆಯಬೇಕಿಲ್ಲ: ದಪ್ಪ ಧಾನ್ಯವಾದರೆ ಪರಿಧಿಯ ಹತ್ತರಲ್ಲೊಂದು, ಸಣ್ಣ ಧಾನ್ಯವಾದರೆ ಹನ್ನೊಂದರಲ್ಲೊಂದು, ಮುಳ್ಳುಮೊನೆಯ ಧಾನ್ಯವಾದರೆ ಒಂಬತ್ತರಲ್ಲೊಂದು. ಸುರಿದ ಧಾನ್ಯ ತನ್ನದೇ ಒಂದು ಓರೆಯಲ್ಲಿ ನಿಲ್ಲುತ್ತದೆ, ಆ ಓರೆ ಕಾಳಿನ ಜಾತಿಯನ್ನು ಅವಲಂಬಿಸುತ್ತದೆ ಎಂಬ ಅರಿವು ಇದರ ಹಿಂದಿದೆ. ಈ ಮೂರು ಅನುಪಾತಗಳಿಗೆ ಓರೆಯ ಕೋನ ಸುಮಾರು 32, 30 ಮತ್ತು 35 ಡಿಗ್ರಿ ಬರುತ್ತದೆ.

ಪರಿಧಿ 60 ಮೊಳದ ದಪ್ಪ ಧಾನ್ಯದ ರಾಶಿಗೆ ಎತ್ತರ 6 ಮೊಳ, ಘನಫಲ 10 × 10 × 6 = 600 ಘನ ಮೊಳ. πಯ ನಿಖರ ಬೆಲೆ ಹಾಕಿದರೆ ಸುಮಾರು 573. ಲೆಕ್ಕ ನೂರಕ್ಕೆ ಐದರಷ್ಟು ಹೆಚ್ಚು ತೋರಿಸುತ್ತದೆ. ತಪ್ಪು ಪೂರ್ತಿ πಯದು, ಮೂರರಲ್ಲೊಂದರದಲ್ಲ. 22/7 ಮತ್ತು 3927/1250 ಎಂಬ ಬೆಲೆಗಳು ಲೀಲಾವತಿಯಲ್ಲೇ ಇರುವುದರಿಂದ ಇದು ಅರಿಯದೆ ಆದದ್ದಲ್ಲ, ಕಣದಲ್ಲಿ ನಿಂತು ಬಾಯಲ್ಲೇ ಲೆಕ್ಕ ಹಾಕುವವರಿಗಾಗಿ ಮಾಡಿಕೊಂಡ ಸಲೀಸು. ನಿಜವಾದ ರಾಶಿಯ ತುದಿ ಚೂಪಾಗಿರದೆ ದುಂಡಗಿರುತ್ತದಲ್ಲ ಎಂಬ ಆಕ್ಷೇಪಕ್ಕೆ ಮಾತ್ರ ಬಲವಿಲ್ಲ. ಮೇಲಿನ ಹತ್ತರಲ್ಲೊಂದು ಎತ್ತರ ಪೂರ್ತಿ ಇಲ್ಲವಾದರೂ ಹೋಗುವುದು ಸಾವಿರದಲ್ಲೊಂದು ಪಾಲು. ಪರಿಧಿಯನ್ನು ಅಳೆಯುವಾಗ ನೂರಕ್ಕೆ ಒಂದು ತಪ್ಪಿದರೆ ಅದಕ್ಕಿಂತ ಮೂವತ್ತು ಪಟ್ಟು ಹೆಚ್ಚು ನಷ್ಟ.

ದಾರಿ ತಪ್ಪುವ ಕಡೆಗಳು

ಬಿಲ್ಲೆಗಳ ವಿಧಾನದಲ್ಲಿ ವಿದ್ಯಾರ್ಥಿಗಳು ಮಾಡುವ ತಪ್ಪುಗಳು ಹೆಚ್ಚಾಗಿ ಎರಡು. ಮೊದಲನೆಯದು ಆರ್ಯಭಟನ ಅರ್ಧಕ್ಕೆ ಹತ್ತಿರದ್ದು. ಶಂಕು ಎಂದರೆ ತಿರುಗಿಸಿದ ತ್ರಿಭುಜ, ಸಿಲಿಂಡರ್ ಎಂದರೆ ತಿರುಗಿಸಿದ ಆಯತ. ತ್ರಿಭುಜ ಆಯತದ ಅರ್ಧ, ಆದ್ದರಿಂದ ಶಂಕುವೂ ಅರ್ಧ ಎಂಬ ವಾದ. ತಿರುಗುವಾಗ ಅಕ್ಷದಿಂದ ದೂರ ಇರುವ ಭಾಗ ಹೆಚ್ಚು ಜಾಗ ಗುಡಿಸುತ್ತದೆ, ಹತ್ತಿರದ್ದು ಕಡಿಮೆ ಎಂಬುದನ್ನು ಈ ವಾದ ಮರೆಯುತ್ತದೆ. ತ್ರಿಭುಜದ ದ್ರವ್ಯಕೇಂದ್ರ ಅಕ್ಷದಿಂದ r/3 ದೂರದಲ್ಲಿದೆ, ಆಯತದ್ದು r/2 ದೂರದಲ್ಲಿ. ವಿಸ್ತೀರ್ಣ rh/2 ಸುತ್ತುವ ದಾರಿ 2πr/3. ಎರಡನ್ನೂ ಗುಣಿಸಿದರೆ πr²h/3 ಮತ್ತೆ ಸಿಗುತ್ತದೆ.

ಎರಡನೆಯದು ಹೆಚ್ಚು ಸೂಕ್ಷ್ಮ. ಬಿಲ್ಲೆಗಳು ಘನಫಲವನ್ನು ಸರಿಯಾಗಿ ಕೊಟ್ಟವಲ್ಲ, ಓರೆ ಮೈಯ ವಿಸ್ತೀರ್ಣವನ್ನೂ ಕೊಡಬೇಕಲ್ಲವೇ? ನಮ್ಮ ಶಂಕುವಿನ ಬಿಲ್ಲೆಗಳ ಅಂಚುಗಳನ್ನು ಕೂಡಿಸಿದರೆ, 2π(x/2)ಅನ್ನು 0ಯಿಂದ 12ರವರೆಗೆ ಅನುಕಲಿಸಿದಾಗ, 72π ಬರುತ್ತದೆ. ನಿಜವಾದ ಓರೆ ಮೈ πrl; ಓರೆ ಎತ್ತರ l = √180, ಸುಮಾರು 13.42; ವಿಸ್ತೀರ್ಣ ಸುಮಾರು 80.5π. ಬಿಲ್ಲೆಗಳನ್ನು ಎಷ್ಟೇ ತೆಳ್ಳಗೆ ಮಾಡಿದರೂ 72π ಬದಲಾಗಿ 80.5π ಬರುವುದಿಲ್ಲ. ಮೆಟ್ಟಿಲುಗಳ ಸಮತಟ್ಟಾದ ಉಂಗುರಗಳನ್ನೂ ಸೇರಿಸಿದರೆ 36π ಕೂಡಿ 108π ಆಗಿ, ಈ ಸಲ ಲೆಕ್ಕ ಮೇಲಕ್ಕೆ ಹಾರುತ್ತದೆ. ಘನಫಲದಲ್ಲಿ ಒಂದು ಬಿಲ್ಲೆಯ ತಪ್ಪು ಎಂದರೆ ಅಂಚಿನ ತ್ರಿಕೋನ ಆಕಾರದ ಒಂದು ಉಂಗುರ. ಅದರ ಅಗಲವೂ ದಪ್ಪವೂ ಎರಡೂ ಕುಗ್ಗುತ್ತವೆ. n ಬಿಲ್ಲೆಗಳಾದರೆ ಒಂದೊಂದರ ತಪ್ಪು 1/n²ರಂತೆ ಇಳಿಯುತ್ತದೆ, ಎಲ್ಲ ಸೇರಿ 1/nರಂತೆ. ಮೈ ವಿಸ್ತೀರ್ಣದಲ್ಲಿ ಒಂದೊಂದರ ತಪ್ಪು ಬರೀ 1/nರಂತೆ ಇಳಿಯುತ್ತದೆ. n ತಪ್ಪುಗಳು ಕೂಡಿದಾಗ ಮೊತ್ತ ಕುಗ್ಗದೆ ಹಾಗೇ ಉಳಿಯುತ್ತದೆ. ಮೈ ವಿಸ್ತೀರ್ಣಕ್ಕೆ ಬಿಲ್ಲೆಯ ದಪ್ಪದ ಬದಲು ಓರೆಯ ಉದ್ದವನ್ನೇ ಹಿಡಿಯಬೇಕು. ಅದೇ ಓರೆ ಉದ್ದವನ್ನು ಘನಫಲಕ್ಕೆ ಹಾಕಿದರೆ πr²l/3 ಎಂಬ ತಪ್ಪು ಉತ್ತರ ಬರುತ್ತದೆ; ನಮ್ಮ ಶಂಕುವಿಗೆ 144π ಇರಬೇಕಾದಲ್ಲಿ ಸುಮಾರು 161π. ಮಾಡಿದ್ದು ಸರಿಯೇ ಎಂದು ನೋಡುವ ಸುಲಭದ ಪರೀಕ್ಷೆಯೊಂದಿದೆ: ಉತ್ತರ ಅತಿ ಒರಟಾದ ಎರಡು ಮೊತ್ತಗಳ ನಡುವೆ ಇದೆಯೇ ಎಂಬುದಲ್ಲ, ಬಿಲ್ಲೆಗಳ ಸಂಖ್ಯೆ ಎಷ್ಟೇ ಹೆಚ್ಚಿಸಿದರೂ ಅದು ಮೇಲಿನ ಮತ್ತು ಕೆಳಗಿನ ಮೊತ್ತಗಳ ನಡುವೆಯೇ ಉಳಿಯುತ್ತದೆಯೇ ಎಂಬುದು.

ಅನುಕಲದ ಒಂದು ಅನುಕೂಲ ಸೂತ್ರದಲ್ಲಿ ನೇರವಾಗಿ ಕಾಣುವುದಿಲ್ಲ: ಎಲ್ಲಿಂದ ಎಲ್ಲಿಗೆ ಬೇಕಾದರೂ ಕೂಡಿಸಬಹುದು. ತುದಿ ಕೆಳಗಾಗಿ ಹಿಡಿದ ಇದೇ ಅಳತೆಯ ಲೋಟದಲ್ಲಿ ಅರ್ಧ ಎತ್ತರಕ್ಕೆ ನೀರು ತುಂಬಿದರೆ 0ಯಿಂದ 6ರವರೆಗಿನ ಅನುಕಲ 18π, ಇಡೀ ಲೋಟದ ಎಂಟರಲ್ಲೊಂದು ಪಾಲು. ಉಳಿದ ಮೇಲರ್ಧ, ಅಂದರೆ ಶಂಕುವಿನ ಭಿನ್ನಕ, 126π. ಲೋಟದ ಅರ್ಧ ನೀರು ಬೇಕಾದರೆ ಎತ್ತರದ ಘನವು 12³ರ ಅರ್ಧವಾಗಬೇಕು. ಅದು ಸುಮಾರು 9.5 ಸೆಂ.ಮೀ. ಎತ್ತರದಲ್ಲಿ ಆಗುತ್ತದೆ.